ಪಂಚಮಿ ಉಂಡಿಯ ಪೋಸ್ಟ್ ಬರೆಸಲು ಏನೇನು ಹೇಳಬೇಕು?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಬೇಕರಿ ಐತಿ. ಪಂಚಮಿಗೆ ಉಂಡಿ ಕಟ್ಟಿ ಮಾರ್ತೀವಿ. ಫೇಸ್‌ಬುಕ್ ಪುಟಕ್ಕೆ ಹಾಕೋ ಬರಹಾನ ಮಗಳು ಚಾಟ್‌ಜಿಪಿಟಿ ಕಡೆ ಬರೆಸ್ತಾಳೆ. ಓದಿದ್ರೆ ನಮ್ಮ ಅಂಗಡಿದು ಅನ್ನಿಸೋದೇ ಇಲ್ಲ, ಯಾವುದೋ ದೊಡ್ಡ ಊರಿನ ಜಾಹೀರಾತು ಇದ್ದಂಗ ಇರತೈತಿ. ಅದಕ್ಕೆ ಏನಂತ ಹೇಳಿ ಬರೆಸಬೇಕು?

ಉತ್ತರ: ನೀವು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ‘ನಾಗರ ಪಂಚಮಿ ಹಬ್ಬಕ್ಕೆ ನಮ್ಮ ಬೇಕರಿ ಸ್ವೀಟ್ಸ್ ಬಗ್ಗೆ ಒಂದು ಚೆಂದದ ಪೋಸ್ಟ್ ಬರೆದುಕೊಡಿ’ ಅಂತ ಮಗಳು ಒಂದೇ ಸಾಲು ಕೊಟ್ಟಿದ್ದಾಳೆ. ವಾಪಸ್ ಬಂದದ್ದು ಹನ್ನೆರಡು ಸಾಲು. ಆ ಒಂದು ಸಾಲಿನಲ್ಲಿ ನಿಮ್ಮ ಬಗ್ಗೆ ಇರುವುದು ಎರಡೇ ಸಂಗತಿ: ಹಬ್ಬ ಪಂಚಮಿ, ಅಂಗಡಿ ಬೇಕರಿ. ಹನ್ನೆರಡು ಸಾಲು ತುಂಬಿಸಲು ಬೇಕಾದ ಉಳಿದ ಸರಕನ್ನೆಲ್ಲ ಅದು ತಾನೇ ಎಲ್ಲಿಂದಲೋ ತಂದಿದೆ.

ಎಲ್ಲಿಂದ ತರುತ್ತದೆ ಅನ್ನುವುದು ತಿಳಿದರೆ ಉಳಿದದ್ದೆಲ್ಲ ಸುಲಭ. ಇಂಥ ಸಾಧನಗಳು ಅಪಾರ ಬರಹವನ್ನು ಓದಿಸಿ ಕಲಿಸಿದಂಥವು. ಒಂದು ಮಾತಿನ ನಂತರ ಸಾಮಾನ್ಯವಾಗಿ ಯಾವ ಮಾತು ಬರುತ್ತದೆ ಅನ್ನುವ ಅಂದಾಜಿನ ಮೇಲೆ ಅವು ಬರೆಯುತ್ತವೆ. ಹಬ್ಬ, ಸಿಹಿ, ಬೇಕರಿ ಅಂದ ಕೂಡಲೇ ಅವಕ್ಕೆ ಸಿಗುವುದು ಸಾವಿರಾರು ಜಾಹೀರಾತುಗಳಲ್ಲಿ ಸವೆದ ಮಾತು. ಅದರಲ್ಲೂ ಅವು ಓದಿದ್ದರಲ್ಲಿ ಕನ್ನಡಕ್ಕಿಂತ ಇಂಗ್ಲಿಷ್ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಅಕ್ಷರ ಕನ್ನಡದ್ದಾದರೂ ವಾಕ್ಯದ ಕಟ್ಟು ಇಂಗ್ಲಿಷಿನದು. ನಿಮಗೆ ಬಂದ ಮೊದಲ ಸಾಲನ್ನೇ ನೋಡಿ: ‘ಪ್ರೀತಿಯಿಂದ ತಯಾರಿಸಿದ ನಮ್ಮ ಸಿಹಿಗಳೊಂದಿಗೆ ನಿಮ್ಮ ಹಬ್ಬವನ್ನು ಇನ್ನಷ್ಟು ವಿಶೇಷವಾಗಿಸಿ.’ ಮಂಡಿಪೇಟೆಯಿಂದ ವಿದ್ಯಾನಗರದವರೆಗೆ ಹುಡುಕಿದರೂ ಹೀಗೆ ಮಾತಾಡುವ ಅಂಗಡಿಯವರು ಸಿಗುವುದಿಲ್ಲ. ಅದರ ಕೆಳಗಿನ ಪಟ್ಟಿಯಲ್ಲಿ ಕಾಜು ಕಟ್ಲಿ ಇದೆ, ಮೋದಕ ಇದೆ, ಲಡ್ಡು ಇದೆ. ಪಂಚಮಿ ಪೋಸ್ಟಿನಲ್ಲಿ ಉಂಡಿ ಅನ್ನುವ ಪದವೇ ಇಲ್ಲ. ನೀವು ಉಂಡಿ ಮಾರುತ್ತೀರಿ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ.

ಆದ್ದರಿಂದ ಚೆಂದದ, ಆಕರ್ಷಕ, ಮನಮುಟ್ಟುವ ಅಂತ ವಿಶೇಷಣಗಳನ್ನು ಸೇರಿಸಿ ಕೇಳಿದರೆ ಏನೂ ಸುಧಾರಿಸುವುದಿಲ್ಲ. ಅವು ಸವೆದ ಮಾತನ್ನೇ ಇನ್ನಷ್ಟು ಎಳೆದು ತರುತ್ತವೆ. ಸಾಧನಕ್ಕೆ ಕೊಡುವ ಸೂಚನೆಗೆ ಬೇಕಾಗಿರುವುದು ನಿಮ್ಮ ಅಂಗಡಿಯ ಸಂಗತಿ, ನಿಮ್ಮ ಬಾಯಿಮಾತು, ಮತ್ತು ಇಲ್ಲದ್ದನ್ನು ಸೇರಿಸದಂತೆ ಒಂದು ಬೇಲಿ. ಈ ಮೂರನ್ನೂ ನಿಮ್ಮ ಉಂಡಿಯ ಮೇಲೆಯೇ ಮಾಡಿ ತೋರಿಸುತ್ತೇನೆ.

ಸಂಗತಿಯಿಂದ ಶುರು ಮಾಡೋಣ. ಮಾಲೀಕರನ್ನು ಕೇಳಿದರೆ ಸಾಮಾನ್ಯವಾಗಿ ಐಟಂ ಮತ್ತು ರೇಟು ಬರೆದುಕೊಡುತ್ತಾರೆ. ಅದು ಸಾಲದು. ನಾನು ಸಣ್ಣ ಅಂಗಡಿಗಳಿಗೆ ಬರೆಯುವಾಗ ಮಾಡುವ ಮೊದಲ ಕೆಲಸ ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇಡಿಸುವುದು. ಎರಡು ದಿನ, ಗಿರಾಕಿ ಏನು ಕೇಳಿದರೋ ಅದನ್ನು ಅವರ ಮಾತಿನಲ್ಲೇ ಬರೆದಿಡಬೇಕು. ನಿಮಗೂ ಹಾಗೇ ಮಾಡಿ ಅಂತ ಫೋನಿನಲ್ಲಿ ಹೇಳಿದ್ದೆ. ನೀವು ಕಳಿಸಿದ ಹಾಳೆಯಲ್ಲಿ ಇದ್ದದ್ದು ಇಷ್ಟು: ‘ಯಾವ್ಯಾವ ಉಂಡಿ ಅದಾವ್ರೀ?’ ‘ಕೇಜಿ ಹೆಂಗ?’ ‘ಡಾಲ್ಡಾನೋ ತುಪ್ಪಾನೋ?’ ‘ಎಷ್ಟು ದಿನ ಇಟ್ಟು ತಿನ್ನಬೌದು? ಮಗಳ ಮನೆಗೆ ಕಳಸೋದೈತಿ.’ ‘ಎಲ್ಲಾ ಕಲಸಿ ಅರ್ಧ ಕೇಜಿ ಕೊಡ್ತೀರೇನು?’ ಇವೆಲ್ಲದರ ಜೊತೆಗೆ, ಎರಡು ದಿನದಲ್ಲಿ ಏಳು ಸಲ ಬಂದ ಇನ್ನೊಂದು ಪ್ರಶ್ನೆ: ‘ಮೊಟ್ಟಿ ಕೇಕ್ ಮಾಡೋ ಜಾಗದಾಗ ಮಾಡಿರ್ತೀರೇನು ಇವನ್ನ?’

ಈ ಕೊನೆಯ ಪ್ರಶ್ನೆ ಯಾವ ಸಾಧನಕ್ಕೂ ತಾನಾಗಿ ಹೊಳೆಯುವುದಿಲ್ಲ. ನಮ್ಮ ಕಡೆ ಬೇಕರಿಯಿಂದ ಹಬ್ಬದ ಸಿಹಿ ಒಯ್ಯುವಾಗ ಹೆಚ್ಚಿನ ಮನೆಗಳಲ್ಲಿ ಮೊದಲು ಏಳುವ ಅನುಮಾನವೇ ಇದು. ನಾಗಪ್ಪನಿಗೆ ಹಾಲೆರೆಯುವಾಗ ಎಡೆಗೆ ಇಡಬೇಕಾದ ಉಂಡಿ. ಎಷ್ಟೋ ಜನ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದೆ ಸುಮ್ಮನೆ ಸ್ವೀಟ್ ಅಂಗಡಿಗೆ ಹೋಗಿಬಿಡುತ್ತಾರೆ. ನಿಮ್ಮನ್ನು ಇದರ ಬಗ್ಗೆ ಕೇಳಿದಾಗ ನೀವು ಅಂದದ್ದನ್ನು ಹಾಗೇ ಬರೆದುಕೊಂಡಿದ್ದೇನೆ: ‘ಕೇಕು ಬಿಸ್ಕತ್ತು ಎಲ್ಲಾ ಕೆಳಗ ಬೇಕರ‍್ಯಾಗ ಆಗ್ತಾವ್ರೀ. ಉಂಡಿ ಮಾತ್ರ ಮ್ಯಾಲ ನಮ್ಮ ಮನಿ ಅಡಿಗಿ ಮನ್ಯಾಗ ನಾನು, ನಮ್ಮತ್ತಿ ಕಟ್ತೀವಿ. ಆ ಪಾತ್ರಿ ಕೆಳಗ ಇಳಿಸೋದೇ ಇಲ್ಲ.’ ಇಡೀ ಪೋಸ್ಟಿನ ತೂಕ ಈ ಮೂರು ವಾಕ್ಯದಲ್ಲಿದೆ. ಇದನ್ನು ಸೂಚನೆಯಲ್ಲಿ ಬರೆಯದಿದ್ದರೆ ಪೋಸ್ಟಿನಲ್ಲಿ ಬರುವುದಿಲ್ಲ.

ಇನ್ನೊಂದು ಸಂಗತಿ ತಾರೀಖು. ಹಬ್ಬದ ದಿನವನ್ನು ಸಾಧನದ ಮೇಲೆ ಬಿಡಬೇಡಿ. ಪಂಚಮಿ ಬರುವುದು ಶ್ರಾವಣ ಶುದ್ಧ ಪಂಚಮಿಗೆ, ಚಾಂದ್ರಮಾನದ ಲೆಕ್ಕ. 2024ರಲ್ಲಿ ಆಗಸ್ಟ್ 9ಕ್ಕೆ ಬಂದಿತ್ತು, 2025ರಲ್ಲಿ ಜುಲೈ 29ಕ್ಕೆ. 2026ರಲ್ಲಿ ಅಧಿಕ ಜ್ಯೇಷ್ಠ ಬಂದದ್ದರಿಂದ ಹಬ್ಬ ಮುಂದೆ ಹೋಗಿ ಆಗಸ್ಟ್ 17, ಸೋಮವಾರ ಬೀಳುತ್ತದೆ. ಸಾಧನ ಹಿಂದಿನ ವರ್ಷದ ತಾರೀಖನ್ನೇ ಯಾವ ಅನುಮಾನವೂ ಇಲ್ಲದ ಧಾಟಿಯಲ್ಲಿ ಬರೆದುಬಿಡಬಹುದು. ಗೋಡೆಯ ಕ್ಯಾಲೆಂಡರ್ ನೋಡಿ ನೀವೇ ತಾರೀಖು, ವಾರ ಎರಡನ್ನೂ ಕೊಡಿ. ವಾರ ಸೇರಿಸಿದರೆ ತಪ್ಪು ಬಂದಾಗ ತಕ್ಷಣ ಕಣ್ಣಿಗೆ ಬೀಳುತ್ತದೆ.

ಇಷ್ಟನ್ನು ಸೇರಿಸಿ ಸೂಚನೆಯ ಮೊದಲ ಭಾಗ ಹೀಗೆ ಬರೆಯಬಹುದು. ರೇಟು, ದಿನ ಎಲ್ಲ ನೀವು ಕೊಟ್ಟವೇ.

```
ನಾವು ದಾವಣಗೆರೆಯಲ್ಲಿ ಸಣ್ಣ ಬೇಕರಿ ನಡೆಸುತ್ತೇವೆ. ನಾಗರ ಪಂಚಮಿಗೆ
ಉಂಡಿ ಮಾರುತ್ತೇವೆ. ಫೇಸ್‌ಬುಕ್ ಪುಟಕ್ಕೆ ಒಂದು ಪೋಸ್ಟ್ ಬರೆಯಿರಿ.
ಓದುವವರು: ಊರಿನ ಮನೆಗಳವರು, ಹೆಚ್ಚಾಗಿ ಹೆಣ್ಣುಮಕ್ಕಳು.

ಸಂಗತಿಗಳು:
- ಹಬ್ಬ: 2026 ಆಗಸ್ಟ್ 17, ಸೋಮವಾರ
- ಶೇಂಗಾ ಉಂಡಿ (ಬೆಲ್ಲ) ಕೆಜಿಗೆ 320, 15 ದಿನ ಇರುತ್ತದೆ
- ಎಳ್ಳುಂಡಿ (ಬೆಲ್ಲ) ಕೆಜಿಗೆ 420, 15 ದಿನ
- ರವೆ ಉಂಡಿ (ಸಕ್ಕರೆ, ಹಾಲು) ಕೆಜಿಗೆ 340, 4 ದಿನ ಮಾತ್ರ
- ಬೇಸನ್ ಉಂಡಿ ಕೆಜಿಗೆ 480, 10 ದಿನ. ತುಪ್ಪ ಇದಕ್ಕೆ ಮಾತ್ರ.
  ರವೆ ಉಂಡಿಗೆ ಡಾಲ್ಡಾ.
- ನಾಲ್ಕೂ ಸೇರಿದ ಅರ್ಧ ಕೆಜಿ ಡಬ್ಬಿ: 200
- ಕೇಕ್ ಕೆಳಗೆ ಬೇಕರಿಯಲ್ಲಿ ಮಾಡುತ್ತೇವೆ. ಉಂಡಿ ಮೇಲೆ ಮನೆಯಲ್ಲಿ,
  ಬೇರೆ ಪಾತ್ರೆಯಲ್ಲಿ, ಅತ್ತೆ-ಸೊಸೆ ಕಟ್ಟುತ್ತೇವೆ. ಮೊಟ್ಟೆ ತಾಗುವುದಿಲ್ಲ.
- ಆಗಸ್ಟ್ 14 ಶುಕ್ರವಾರ ರಾತ್ರಿ 8ರ ಒಳಗೆ ಹೇಳಬೇಕು.
  15 ಮತ್ತು 16ರಂದು ಅಂಗಡಿಗೆ ಬಂದು ಒಯ್ಯಬೇಕು. ಮನೆಗೆ ತಲುಪಿಸುವುದಿಲ್ಲ.
```

ಇಲ್ಲಿ ಎರಡು ಮಾತು. ತುಪ್ಪ ಯಾವುದಕ್ಕೆ, ಡಾಲ್ಡಾ ಯಾವುದಕ್ಕೆ ಅನ್ನುವುದನ್ನು ಬರೆಯಲು ನಿಮ್ಮ ಮಗಳು ಹಿಂಜರಿದಳು, ಗೊತ್ತು. ಸೂಚನೆಯಲ್ಲಿ ಬರೆದದ್ದೆಲ್ಲ ಪೋಸ್ಟಿನಲ್ಲಿ ಬರಲೇಬೇಕು ಅಂತಿಲ್ಲ. ಆದರೆ ಸೂಚನೆಯಲ್ಲಿ ಅದು ಇರಲೇಬೇಕು, ಇಲ್ಲದಿದ್ದರೆ ಸಾಧನ ಎಲ್ಲಕ್ಕೂ ತುಪ್ಪ ಸುರಿಯುತ್ತದೆ. ಎರಡನೆಯದು, ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಕೊಡಿ. ಉಳಿದ ಸೂಚನೆಯನ್ನು ಇಂಗ್ಲಿಷಿನಲ್ಲಿ ಬರೆಯುವುದು ಮಗಳಿಗೆ ಸಲೀಸು ಅನ್ನಿಸಿದರೆ ಅಡ್ಡಿಯಿಲ್ಲ. ಆದರೆ ಉಂಡಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದು ಒಮ್ಮೆ ಉಂಡೆ, ಒಮ್ಮೆ ಲಡ್ಡು ಆಗಿ ವಾಪಸ್ ಬರುತ್ತದೆ.

ಈಗ ಬಾಯಿಮಾತು. ‘ಆಡುಭಾಷೆಯಲ್ಲಿ ಬರೆಯಿರಿ’ ಅಂತ ಬರೀ ಹೇಳಿದರೆ ಏನಾಗುತ್ತದೆ ಅನ್ನುವುದನ್ನು ನೀವೂ ನೋಡಿರಬಹುದು. ಪ್ರತಿ ಪದಕ್ಕೂ ರೀ ಸೇರಿಸಿ, ಧಾರವಾಡದ ಎರಡು ಪದ, ಬೆಂಗಳೂರಿನ ಎರಡು ಪದ ಕಲಸಿ ಕೊಡುತ್ತದೆ. ದಾವಣಗೆರೆಯ ಮಾತು ಇವೆರಡೂ ಅಲ್ಲ. ನಮ್ಮಲ್ಲಿ ಐತಿಯೂ ಇದೆ, ಹೋಗ್ಬೌದು ಅನ್ನುವುದೂ ಇದೆ. ಅದನ್ನು ವಿವರಿಸಿ ಕಲಿಸಲು ಹೋಗಬೇಡಿ, ಮಾದರಿ ಕೊಡಿ. ನೀವು ಗಿರಾಕಿಯ ಜೊತೆ ಮಾತಾಡುವಾಗ ಮಗಳು ಫೋನಿನಲ್ಲಿ ನಿಮ್ಮ ಮಾತನ್ನಷ್ಟೇ ಐದು ನಿಮಿಷ ರೆಕಾರ್ಡ್ ಮಾಡಿ, ಅದರಲ್ಲಿ ಮೂರ್ನಾಲ್ಕು ವಾಕ್ಯವನ್ನು ಅಕ್ಷರ ಬದಲಿಸದೆ ಬರೆದು ಸೂಚನೆಗೆ ಸೇರಿಸಲಿ. ಇಂಥ ಸಾಧನಗಳು ವಿವರಣೆಗಿಂತ ಮಾದರಿಯನ್ನು ಚೆನ್ನಾಗಿ ಹಿಡಿಯುತ್ತವೆ. ವಾಕ್ಯ ಎಷ್ಟು ಗಿಡ್ಡ, ಎಲ್ಲಿ ನಿಲ್ಲುತ್ತದೆ, ಗಿರಾಕಿಯನ್ನು ಹೇಗೆ ಕರೆಯುತ್ತೀರಿ, ಎಲ್ಲವೂ ಆ ಸಾಲುಗಳಿಂದ ಅದಕ್ಕೆ ಸಿಗುತ್ತದೆ.

ಹಾಗಂತ ಇಡೀ ಪೋಸ್ಟ್ ಆಡುಮಾತಿನಲ್ಲಿ ಇರಬೇಕು ಅಂತ ನಾನು ಹೇಳುವುದಿಲ್ಲ. ರೇಟು, ತಾರೀಖು ಇರುವ ಸಾಲುಗಳನ್ನು ಜನ ಬೇಗ ಬೇಗ ಕಣ್ಣಾಡಿಸಿ ಓದುತ್ತಾರೆ, ಅಲ್ಲಿ ಸರಳ ಬರಹದ ಕನ್ನಡವೇ ಅನುಕೂಲ. ಮೊದಲ ಎರಡು ಸಾಲು ಮತ್ತು ಕೊನೆಯ ಕರೆ ನಿಮ್ಮ ಮಾತಿನಲ್ಲಿದ್ದರೆ ಸಾಕು. ಫೋನಿನ ಪರದೆಯಲ್ಲಿ ಪೋಸ್ಟಿನ ಮೊದಲ ಕೆಲವು ಸಾಲುಗಳಷ್ಟೇ ಕಾಣುತ್ತವೆ, ಉಳಿದದ್ದು ಒತ್ತಿ ತೆರೆದವರಿಗೆ ಮಾತ್ರ. ಮೊಟ್ಟೆಯ ಪ್ರಶ್ನೆಗೆ ಉತ್ತರ ಆ ಮೊದಲ ಸಾಲುಗಳಲ್ಲೇ ಇರಬೇಕು.

ಬೇಲಿಯ ವಿಷಯಕ್ಕೆ ಬರುವ ಮುಂಚೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷದ ಹಿಂದೆ ಒಂದು ಅಂಗಡಿಯ ದೀಪಾವಳಿ ಪೋಸ್ಟನ್ನು ಹೀಗೇ ಬರೆಸಿ, ಅವಸರದಲ್ಲಿ ಓದಿ, ಸರಿ ಇದೆ ಅಂತ ಹಾಕಿಸಿದೆ. ಅದರ ನಡುವೆ ‘ಎಲ್ಲ ಸಿಹಿಗಳೂ ಶುದ್ಧ ತುಪ್ಪದಲ್ಲಿ’ ಅಂತ ಒಂದು ತುಂಡು ಸೇರಿಕೊಂಡಿತ್ತು. ಆ ಅಂಗಡಿಯಲ್ಲಿ ತುಪ್ಪ ಹಾಕುತ್ತಿದ್ದದ್ದು ಮೈಸೂರು ಪಾಕಿಗೆ ಮಾತ್ರ. ಹಬ್ಬದ ಮರುದಿನ ಒಬ್ಬ ಹಿರಿಯರು ಬಂದು, ಏನೂ ಗದ್ದಲ ಮಾಡದೆ, ಫೋನಿನಲ್ಲಿ ಪೋಸ್ಟ್ ತೆರೆದು ಗಲ್ಲಾ ಮೇಲಿಟ್ಟು ‘ಇದು ನೀವೇ ಬರೆದದ್ದಾ?’ ಅಂತ ಕೇಳಿದರು. ಮಾಲೀಕರು ದುಡ್ಡು ವಾಪಸ್ ಕೊಟ್ಟರು. ಮೂವತ್ತು ವರ್ಷ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಆ ಮಾತು ಅವರದ್ದಲ್ಲ, ನನ್ನದೂ ಅಲ್ಲ, ಆದರೆ ತಡೆಯಬೇಕಾಗಿದ್ದವನು ನಾನು. ಅವತ್ತಿನಿಂದ ಈ ಬೇಲಿ ಇಲ್ಲದೆ ಯಾವ ಅಂಗಡಿಗೂ ಬರೆಸಿಲ್ಲ.

ಕಾನೂನಿನ ಕಡೆಯಿಂದಲೂ ಇದು ಹಗುರದ ಮಾತಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ಕೊಟ್ಟವರಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಫೇಸ್‌ಬುಕ್ ಪೋಸ್ಟೂ ಜಾಹೀರಾತೇ. ಬರೆದದ್ದು ಯಂತ್ರ ಅನ್ನುವುದು ಅಲ್ಲಿ ಉತ್ತರವಾಗುವುದಿಲ್ಲ, ಪುಟ ನಿಮ್ಮದು.

ಬೇಲಿ ಹೀಗಿರಲಿ. ಮೊದಲ ಭಾಗದ ಕೆಳಗೇ ಇದನ್ನೂ ಸೇರಿಸಿ ಒಟ್ಟಿಗೆ ಕಳಿಸಬೇಕು.

```
ನಮ್ಮ ಮಾತಿನ ಮಾದರಿ:
"ಬರ್ರೀ ಅಕ್ಕಾ, ಶೇಂಗಾ ಉಂಡಿ ಈಗ ಕಟ್ಟಿಟ್ಟೀವಿ."
"ರವೆ ಉಂಡಿ ಬಾಳ ದಿನ ಇಡಬ್ಯಾಡ್ರಿ, ಹಾಲು ಹಾಕೀವಿ."
"ಮೊದ್ಲೇ ಹೇಳಿದ್ರೆ ತೆಗೆದಿಡ್ತೀವಿ, ಆಮೇಲೆ ಇಲ್ಲ ಅನ್ನೋದು ಬ್ಯಾಡ."

ನಿಯಮಗಳು:
- ಮೇಲಿನ ಸಂಗತಿಗಳನ್ನು ಬಿಟ್ಟು ಬೇರೆ ಯಾವುದನ್ನೂ ಸೇರಿಸಬೇಡಿ.
  ಇನ್ನೇನಾದರೂ ಬೇಕು ಅನ್ನಿಸಿದರೆ [ತುಂಬಿ] ಅಂತ ಖಾಲಿ ಬಿಡಿ.
- ಆರೋಗ್ಯಕ್ಕೆ ಒಳ್ಳೆಯದು ಅನ್ನುವ ಮಾತು ಬೇಡ.
- ಉಂಡಿಯನ್ನು ಉಂಡಿ ಅಂತಲೇ ಬರೆಯಿರಿ. ಲಡ್ಡು, ಮಿಠಾಯಿ ಬೇಡ.
- ಮೊದಲ ಎರಡು ಸಾಲು ಮತ್ತು ಕೊನೆಯ ಸಾಲು ಮಾದರಿಯ ಮಾತಿನಂತೆ.
  ನಡುವಿನದು ಸರಳ ಕನ್ನಡ.
- ಮೊಟ್ಟೆ ತಾಗುವುದಿಲ್ಲ ಅನ್ನುವುದು ಮೊದಲ ಎರಡು ಸಾಲಿನಲ್ಲಿ ಬರಲಿ.
- ಒಟ್ಟು 10 ಸಾಲು ಮೀರಬಾರದು. ಎಮೋಜಿ ಬೇಡ.
```

ಈ ನಿಯಮಗಳಲ್ಲಿ ನನಗೆ ಅತಿ ಮುಖ್ಯವಾದದ್ದು ಖಾಲಿ ಬಿಡುವ ಅಪ್ಪಣೆ. ಸೇರಿಸಬೇಡಿ ಅಂತಷ್ಟೇ ಹೇಳಿದರೆ ಸಾಧನ ಜಾಗ ತುಂಬಿಸಲು ಹೇಗಾದರೂ ಒಂದು ದಾರಿ ಹುಡುಕುತ್ತದೆ. ಖಾಲಿ ಬಿಡಬಹುದು ಅಂತ ಹೇಳಿದರೆ ಅದಕ್ಕೆ ಇನ್ನೊಂದು ದಾರಿ ಸಿಗುತ್ತದೆ, ನಿಮಗೂ ಏನು ಮರೆತಿರಿ ಅನ್ನುವುದು ಕಾಣುತ್ತದೆ. ಉದ್ದವನ್ನು ಪದದ ಲೆಕ್ಕದಲ್ಲಿ ಹೇಳದೆ ಸಾಲಿನ ಲೆಕ್ಕದಲ್ಲಿ ಹೇಳಿದ್ದಕ್ಕೂ ಕಾರಣವಿದೆ. ಪದ ಎಣಿಸುವುದರಲ್ಲಿ ಇವು ಎಡವುತ್ತವೆ, ಸಾಲು ಎಣಿಸುವುದರಲ್ಲಿ ಅಷ್ಟಿಲ್ಲ.

ಇದನ್ನು ಹಾಕಿ ಬರೆಸಿದಾಗ ಮೊದಲಿಗಿಂತ ಎಷ್ಟೋ ಹತ್ತಿರದ್ದು ಬಂತು. ಪೂರ್ತಿ ಸರಿ ಬರಲಿಲ್ಲ, ಬರುವುದೂ ಇಲ್ಲ. ಮೂರು ಕಡೆ ಜಾರಿತ್ತು, ಆ ಮೂರೂ ಹೇಳಿಕೊಳ್ಳುವಂಥವು.

ಒಂದು ಕಡೆ ‘ಎಲ್ಲ ಉಂಡಿಗಳೂ 15 ದಿನ ತಾಜಾ ಇರುತ್ತವೆ’ ಅಂತ ಇತ್ತು. ನಾವು ಕೊಟ್ಟದ್ದು ಮೂರು ಬೇರೆ ಬೇರೆ ದಿನ. ಸಾಲು ಕಡಿಮೆ ಮಾಡಲು ಅದು ಅವನ್ನೆಲ್ಲ ಒಂದೇ ಗಂಟು ಕಟ್ಟಿತು. ಇಂಥ ತಪ್ಪು ಮೇಲ್ನೋಟಕ್ಕೆ ಕಾಣುವುದಿಲ್ಲ, ಯಾಕೆಂದರೆ 15 ಅನ್ನುವ ಅಂಕಿ ನಿಮ್ಮದೇ. ಹಾಲು ಹಾಕಿದ ರವೆ ಉಂಡಿಯನ್ನು ಇದನ್ನು ನಂಬಿ ಯಾರಾದರೂ ಎರಡು ವಾರ ಡಬ್ಬಿಯಲ್ಲಿಟ್ಟರೆ ಬೂಸಲು ಬರುತ್ತದೆ. ಬಿಡಿಯಾಗಿ ಮಾರುವ ಸಿಹಿಯ ಮುಂದೆ ಎಷ್ಟು ದಿನದೊಳಗೆ ತಿನ್ನಬೇಕು ಅನ್ನುವ ತಾರೀಖು ತೋರಿಸಬೇಕು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರ ಅಕ್ಟೋಬರ್ 1ರಿಂದ ಆದೇಶ ಮಾಡಿತ್ತು. ಅಂಗಡಿಯ ಟ್ರೇ ಮುಂದಿನ ಚೀಟಿಯಲ್ಲಿ ಒಂದು ದಿನ, ಪೋಸ್ಟಿನಲ್ಲಿ ಇನ್ನೊಂದು ದಿನ ಇದ್ದರೆ ಗಿರಾಕಿ ಎರಡನ್ನೂ ನಂಬುವುದಿಲ್ಲ.

ಇನ್ನೊಂದು ಕಡೆ, ನಿಯಮ ಹಾಕಿದ್ದರೂ, ‘ಬೆಲ್ಲದ ಉಂಡಿ, ಹಾಗಾಗಿ ಸಕ್ಕರೆ ಕಾಯಿಲೆ ಇರುವವರೂ ಚಿಂತೆಯಿಲ್ಲದೆ ತಿನ್ನಬಹುದು’ ಅಂತ ನುಸುಳಿತ್ತು. ಬೆಲ್ಲ ಅನ್ನುವ ಪದದ ಹಿಂದೆ ಇಂಥ ಮಾತು ಎಷ್ಟು ಕಡೆ ಬರೆದಿದ್ದಾರೆಂದರೆ ಅದು ತಾನಾಗಿ ಜಾರಿಕೊಂಡು ಬರುತ್ತದೆ. ಇದು ಅಪಾಯದ ಮಾತು. ಬೆಲ್ಲದಲ್ಲೂ ಹೆಚ್ಚಿನ ಪಾಲು ಇರುವುದು ಸಕ್ಕರೆಯ ಅಂಶವೇ, ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ನಿಮ್ಮ ಪೋಸ್ಟ್ ನಂಬಿ ಯಾರದೋ ಮನೆಯ ಅಜ್ಜ ನಾಲ್ಕು ಉಂಡಿ ತಿಂದರೆ ಆಗುವ ತೊಂದರೆ ನಿಜವಾದದ್ದು. ಆಹಾರದ ಬಗ್ಗೆ ಆರೋಗ್ಯದ ಮಾತು ಹೇಳುವುದಕ್ಕೆ 2018ರಿಂದ ಪ್ರತ್ಯೇಕ ನಿಯಮಾವಳಿಯೇ ಇದೆ. ಅಳಿಸಿಬಿಡಿ, ತಿದ್ದಲು ಹೋಗಬೇಡಿ.

ಮೂರನೆಯದು ಮಾತಿನ ಜಾರು. ‘ಮೊಟ್ಟೆಯ ಸಂಪರ್ಕವಿಲ್ಲದ ಪ್ರತ್ಯೇಕ ಪರಿಸರದಲ್ಲಿ ತಯಾರಿಸಲಾಗುತ್ತದೆ’ ಅಂತ ಬರೆದಿತ್ತು. ಸಂಗತಿ ಸರಿ, ಆದರೆ ಔಷಧಿ ಕಾರ್ಖಾನೆಯ ಮಾತು. ಇಲ್ಲಿ ನಾನು ಇಡೀ ಪೋಸ್ಟನ್ನು ಮತ್ತೆ ಬರೆಯಿರಿ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಸರಿ ಇದ್ದ ಸಾಲುಗಳೂ ಬದಲಾಗಿ ಹೊಸ ತಪ್ಪು ಸೇರುತ್ತದೆ. ಯಾವ ಸಾಲು, ಏನು ತಪ್ಪು, ಏನಾಗಬೇಕು, ಇಷ್ಟನ್ನೇ ಹೇಳಬೇಕು:

```
ಮೂರು ಕಡೆ ಮಾತ್ರ ತಿದ್ದಿ, ಉಳಿದದ್ದು ಹಾಗೇ ಇರಲಿ.
1. ಎಷ್ಟು ದಿನ ಇರುತ್ತದೆ ಅನ್ನುವುದನ್ನು ಪ್ರತಿ ಉಂಡಿಯ ಮುಂದೆ ಬರೆಯಿರಿ.
2. ಸಕ್ಕರೆ ಕಾಯಿಲೆಯ ವಾಕ್ಯ ತೆಗೆಯಿರಿ.
3. ಮೊಟ್ಟೆಯ ವಾಕ್ಯದ ಬದಲು ಇದನ್ನೇ ಹಾಕಿ: "ಕೇಕು ಕೆಳಗ ಬೇಕರ‍್ಯಾಗ,
   ಉಂಡಿ ಮ್ಯಾಲ ಮನ್ಯಾಗ. ಆ ಪಾತ್ರಿ ಕೆಳಗ ಇಳಿಸೋದೇ ಇಲ್ಲ, ಮೊಟ್ಟಿ ತಾಗೋದಿಲ್ಲ."
```

ಎರಡನೇ ಸಲ ಬಂದದ್ದರಲ್ಲಿ ನಾನು ಕೈಯಿಂದ ಎರಡು ಪದ ಬದಲಿಸಿದೆ, ಅಷ್ಟೇ. ಈಗ ಪೋಸ್ಟ್ ಹೀಗಿದೆ:

> ಪಂಚಮಿ ಉಂಡಿ ಕಟ್ಟೋಕೆ ಶುರು ಮಾಡೀವಿ, ಬರ್ರೀ.
> ಕೇಕು ಕೆಳಗ ಬೇಕರ‍್ಯಾಗ, ಉಂಡಿ ಮ್ಯಾಲ ಮನ್ಯಾಗ. ಆ ಪಾತ್ರಿ ಕೆಳಗ ಇಳಿಸೋದೇ ಇಲ್ಲ, ಮೊಟ್ಟಿ ತಾಗೋದಿಲ್ಲ.
> ಶೇಂಗಾ ಉಂಡಿ: ಕೆಜಿಗೆ 320. 15 ದಿನ ಇಡಬಹುದು.
> ಎಳ್ಳುಂಡಿ: ಕೆಜಿಗೆ 420. 15 ದಿನ.
> ಬೇಸನ್ ಉಂಡಿ, ತುಪ್ಪದ್ದು: ಕೆಜಿಗೆ 480. 10 ದಿನ.
> ರವೆ ಉಂಡಿ, ಹಾಲು ಹಾಕಿದ್ದು: ಕೆಜಿಗೆ 340. 4 ದಿನದೊಳಗೆ ತಿಂದುಬಿಡಿ.
> ನಾಲ್ಕೂ ಸೇರಿದ ಅರ್ಧ ಕೆಜಿ ಡಬ್ಬಿಗೆ 200.
> ಹಬ್ಬ ಆಗಸ್ಟ್ 17, ಸೋಮವಾರ. ಶುಕ್ರವಾರ 14ರ ರಾತ್ರಿ 8ರ ಒಳಗೆ ಹೇಳಿ. ಶನಿವಾರ, ಭಾನುವಾರ ಅಂಗಡಿಗೆ ಬಂದು ಒಯ್ಯಬಹುದು.
> ಮೊದ್ಲೇ ಹೇಳಿದ್ರೆ ತೆಗೆದಿಡ್ತೀವಿ, ಆಮೇಲೆ ಇಲ್ಲ ಅನ್ನೋದು ಬ್ಯಾಡ.

ತುಪ್ಪದ ಮಾತು ಬೇಸನ್ ಉಂಡಿಯ ಮುಂದೆ ಮಾತ್ರ ಇದೆ. ಡಾಲ್ಡಾ ಅಂತ ಪೋಸ್ಟಿನಲ್ಲಿ ಬರೆದಿಲ್ಲ, ಆದರೆ ಗಲ್ಲಾ ಮುಂದೆ ಕೇಳಿದವರಿಗೆ ಮುಚ್ಚಿಡಬೇಡಿ. ಡಬ್ಬಿಯ ಒಳಗೆ ರವೆ ಉಂಡಿಯೂ ಇರುವುದರಿಂದ ಅದರ ಮೇಲೆ ‘4 ದಿನ’ ಅಂತ ಚೀಟಿ ಅಂಟಿಸಿ. ಊರಿಗೆ ಕಳಿಸುವವರಿಗೆ ಆ ಒಂದು ಉಂಡಿ ತೆಗೆದು ಶೇಂಗಾ ಉಂಡಿ ಹೆಚ್ಚು ಹಾಕಿ ಕೊಡಬಹುದು.

ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಮಗಳು ಜೋರಾಗಿ ಓದಲಿ, ನೀವು ದರಪಟ್ಟಿ ಕೈಯಲ್ಲಿ ಹಿಡಿದು ಕೇಳಿ. ಪ್ರತಿ ಅಂಕಿ ಬಂದಾಗ ಪಟ್ಟಿಯ ಮೇಲೆ ಬೆರಳಿಡಿ. ಬೆರಳಿಡಲು ಜಾಗ ಸಿಗದ ಯಾವುದೇ ಮಾತು ನೀವು ಹೇಳಿದ್ದಲ್ಲ, ತೆಗೆಯಿರಿ. ಆಮೇಲೆ ನಿಮ್ಮ ಅತ್ತೆಯವರಿಗೆ ಓದಿಸಿ. ಅವರು ಓದುತ್ತಾ ನಾಲಿಗೆ ತಡವರಿಸಿದ ಕಡೆ ಇನ್ನೂ ಇಂಗ್ಲಿಷ್ ಕಟ್ಟಿನ ವಾಕ್ಯ ಉಳಿದಿರುತ್ತದೆ. ಅದನ್ನು ಸಾಧನಕ್ಕೆ ಮತ್ತೆ ಕೊಡುವ ಬದಲು ಅವರನ್ನೇ ‘ಇದನ್ನ ನೀವು ಹೆಂಗ ಹೇಳ್ತೀರಿ?’ ಅಂತ ಕೇಳಿ ಬರೆದುಕೊಳ್ಳಿ.

ಚಿತ್ರವನ್ನೂ ಅದೇ ಸಾಧನದಿಂದ ಮಾಡಿಸಬಹುದಾ ಅಂತ ಮಗಳು ಕೇಳಿದ್ದಳು. ಬೇಡ. ಅದು ಕೊಡುವ ಚಿತ್ರದಲ್ಲಿ ಉಂಡಿ ಬದಲು ಹೊಳೆಯುವ ಹಳದಿ ಮೋತಿಚೂರು ಲಡ್ಡು, ಸುತ್ತ ದೀಪಾವಳಿಯ ಹಣತೆ ಬರುವುದೇ ಹೆಚ್ಚು. ಗಿರಾಕಿಗೆ ತೋರಿಸಿದ್ದು ಒಂದು, ಕೊಟ್ಟದ್ದು ಇನ್ನೊಂದು ಆಗುತ್ತದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಿಮ್ಮ ಮೇಲಿನ ಮನೆಯ ಕಿಟಕಿ ಪಕ್ಕ, ಅರ್ಧ ಕಟ್ಟಿದ ಶೇಂಗಾ ಉಂಡಿಯ ತಾಟು, ಅದರ ಮೇಲೆ ಅತ್ತೆಯವರ ಕೈ, ಇಷ್ಟನ್ನು ಫೋನಿನಲ್ಲಿ ತೆಗೆಯಿರಿ. ಮುಖ ಬರುವುದು ಬೇಡ ಅಂದರೆ ಕೈಯಷ್ಟೇ ಸಾಕು. ‘ಮ್ಯಾಲ ಮನ್ಯಾಗ’ ಅನ್ನುವ ಮಾತನ್ನು ಓದಿದವರು ಆ ಚಿತ್ರದಲ್ಲಿ ಅದನ್ನು ಕಣ್ಣಾರೆ ನೋಡುತ್ತಾರೆ.

ಈ ಸೂಚನೆಯನ್ನು ಮಗಳು ಫೋನಿನ ನೋಟ್ಸ್‌ನಲ್ಲಿ ಉಳಿಸಿಕೊಳ್ಳಲಿ. ಮುಂದೆ ಗಣೇಶನ ಹಬ್ಬ 2026ರ ಸೆಪ್ಟೆಂಬರ್ 14ಕ್ಕೆ. ಆಗ ಸಂಗತಿಗಳ ಪಟ್ಟಿಯಲ್ಲಿ ಉಂಡಿ ತೆಗೆದು ಕಡುಬು, ಚಕ್ಕುಲಿ ಹಾಕಿ, ರೇಟು, ದಿನ, ಇಡುವ ಅವಧಿ ಬದಲಿಸಿದರೆ ಆಯಿತು. ಮಾತಿನ ಮಾದರಿ ಮತ್ತು ನಿಯಮ ಹಾಗೇ ಇರಲಿ. ಒಂದನ್ನು ಮಾತ್ರ ಹೊಸದಾಗಿ ಕೇಳಿಕೊಳ್ಳಬೇಕಾಗುತ್ತದೆ: ಚಕ್ಕುಲಿಯನ್ನೂ ಮೇಲೆ ಮನೆಯಲ್ಲೇ ಕರಿಯುತ್ತೀರೋ, ಕೆಳಗೆ ಬೇಕರಿಯ ಬಾಣಲೆಯಲ್ಲೋ? ಕೆಳಗೆ ಅಂತಾದರೆ ಸೂಚನೆಯಿಂದ ಮೊಟ್ಟೆಯ ಸಂಗತಿ, ಮೊಟ್ಟೆಯ ನಿಯಮ ಎರಡನ್ನೂ ತೆಗೆದು, ಪೋಸ್ಟಿನ ಎರಡನೇ ಸಾಲನ್ನೂ ಬಿಟ್ಟುಬಿಡಿ.